ಸರಾಸರಿ ಆರ್ಡರ್ ಮೊತ್ತವೋ, ಮಧ್ಯಾಂಕವೋ: ಒಂದೇ ಪಟ್ಟಿಯ ಮೇಲೆ ಎರಡೂ ಲೆಕ್ಕ

ಆನ್‌ಲೈನಿನಲ್ಲಿ ಫಿಲ್ಟರ್ ಕಾಫಿಪುಡಿ ಮಾರುವ ಅಂಗಡಿಯೊಂದನ್ನು ತೆಗೆದುಕೊಳ್ಳೋಣ. ಲೆಕ್ಕ ಕಣ್ಣಿಗೆ ಕಾಣಲೆಂದು ಹನ್ನೊಂದೇ ಆರ್ಡರ್, ರೂಪಾಯಿಯಲ್ಲಿ, ಸಣ್ಣದರಿಂದ ದೊಡ್ಡದಕ್ಕೆ: 320, 320, 350, 350, 380, 420, 450, 640, 700, 1,270, 12,400. ಕೊನೆಯದು ಒಂದು ಹೋಟೆಲಿನವರು ತರಿಸಿಕೊಂಡ 20 ಕಿಲೋ. ಉಳಿದವೆಲ್ಲ ಮನೆಬಳಕೆಯವು.

ಒಟ್ಟು 17,600. ಹನ್ನೊಂದರಿಂದ ಭಾಗಿಸಿದರೆ ಸರಾಸರಿ 1,600. ಮಧ್ಯಾಂಕ, ಅಂದರೆ ಸಾಲಿನ ನಡುವೆ ನಿಂತ ಆರನೆಯ ಆರ್ಡರ್, 420. ಸರಾಸರಿಯ ಆಸುಪಾಸಿನಲ್ಲಿ ಒಬ್ಬ ಗಿರಾಕಿಯೂ ಇಲ್ಲ ಎನ್ನುವುದನ್ನು ಗಮನಿಸಿ. ಹೋಟೆಲಿನ ಆರ್ಡರ್ ತೆಗೆದು ನೋಡಿದರೆ ಸರಾಸರಿ 520ಕ್ಕೆ ಕುಸಿಯುತ್ತದೆ; ಮಧ್ಯಾಂಕ 400ಕ್ಕೆ ಇಳಿಯುತ್ತದೆ, ಅಷ್ಟೇ. ಮುಂದಿನ ತಿಂಗಳು ಹೋಟೆಲಿನವರು ಆರ್ಡರ್ ಹಾಕದಿದ್ದರೆ, ವ್ಯಾಪಾರ ಕೆಟ್ಟಿತೆಂದು ಮಾಲೀಕರು ಮನೆ ಗಿರಾಕಿಗಳಿಗೆ ರಿಯಾಯಿತಿ ಕೊಡಲು ಹೊರಡುತ್ತಾರೆ. ಮನೆ ಗಿರಾಕಿಗಳಲ್ಲಿ ಏನೂ ಬದಲಾಗಿರುವುದಿಲ್ಲ.

ಹೆಚ್ಚು ಪೆಟ್ಟು ಬೀಳುವುದು ಉಚಿತ ಡೆಲಿವರಿಯ ಮಿತಿ ಇಡುವಾಗ. ಸರಾಸರಿಗಿಂತ ಕಾಲುಭಾಗ ಮೇಲಿಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಂತೆ ಇಲ್ಲಿ ಮಿತಿ 2,000. ಅದನ್ನು ದಾಟುವವರು ಹೋಟೆಲಿನವರೊಬ್ಬರೇ, ಅವರು ಮಿತಿ ಇಲ್ಲದಿದ್ದರೂ ಅಷ್ಟೇ ಕೊಳ್ಳುತ್ತಿದ್ದರು. 420ರ ಗಿರಾಕಿ 2,000 ಎಂಬುದನ್ನು ನೋಡಿ ಇನ್ನೊಂದು ಪ್ಯಾಕೆಟ್ ಸೇರಿಸುವುದಿಲ್ಲ. 20 ಕಿಲೋ ಪಾರ್ಸಲ್ಲಿನ ಖರ್ಚು ಮಾತ್ರ ಅಂಗಡಿಯ ತಲೆಗೆ.

ಹಾಗಾದರೆ ಮಧ್ಯಾಂಕ ಹಿಡಿದು 599 ಎಂದಿಟ್ಟರೆ? ಅಲ್ಲೂ ಆತುರ ಬೇಡ. ಕೊರಿಯರ್ 60 ರೂಪಾಯಿ, ಲಾಭಾಂಶ ಶೇಕಡಾ 35 ಎಂದುಕೊಳ್ಳಿ. ಆ 60 ಬಿಟ್ಟುಕೊಟ್ಟಿದ್ದು ಹುಟ್ಟಬೇಕಾದರೆ ಗಿರಾಕಿ ಸುಮಾರು 171 ರೂಪಾಯಿಯ ಮಾಲು ಹೆಚ್ಚಿಗೆ ಕೊಳ್ಳಬೇಕು. 420 ಮತ್ತು 450ರವರು 180ರ ಕಾಲು ಕಿಲೋ ಪ್ಯಾಕೆಟ್ ಸೇರಿಸಿ ಮಿತಿ ದಾಟಿದರೂ ತಲಾ 3 ರೂಪಾಯಿ ಉಳಿಯುತ್ತದೆ. ಇತ್ತ 640, 700, 1,270ರವರು ಏನೂ ಸೇರಿಸದೆಯೇ ಉಚಿತ ಡೆಲಿವರಿ ಪಡೆಯುತ್ತಾರೆ: 180 ರೂಪಾಯಿ ಕೈಬಿಟ್ಟಿತು. ಮಿತಿಯನ್ನು 749ಕ್ಕೆ ಏರಿಸಿದರೆ ಸುಮ್ಮನೆ ದಾಟುವ ಮನೆ ಗಿರಾಕಿ ಒಬ್ಬರೇ. 420ರವರು ಎರಡು ಪ್ಯಾಕೆಟ್ ಸೇರಿಸಿದರೆ ಕೊರಿಯರ್ ಕಳೆದು 66 ಉಳಿಯುತ್ತದೆ. ಸೇರಿಸುತ್ತಾರೋ ಇಲ್ಲವೋ ಎಂಬುದು ಮಿತಿ ಇಟ್ಟ ಮೇಲೆಯೇ ತಿಳಿಯುವ ಮಾತು. ಗಿರಾಕಿ ಎಲ್ಲಿ ನಿಂತಿದ್ದಾರೆಂದು ಮಧ್ಯಾಂಕ ಹೇಳುತ್ತದೆ. ಎಷ್ಟು ದೂರ ಎಳೆದರೆ ಗಿಟ್ಟುತ್ತದೆಂದು ಹೇಳುವುದು ಲಾಭಾಂಶ. ಹೋಟೆಲ್ ಆರ್ಡರಿಗೆ ಬೇರೆಯೇ ಸಾಗಣೆ ದರ ಇಡಬೇಕು, ಯಾವ ಮಿತಿಯಾದರೂ ಸರಿ.

ಸರಾಸರಿಯನ್ನು ಕಸದಬುಟ್ಟಿಗೆ ಹಾಕುವಂತಿಲ್ಲ. ಒಟ್ಟು ವ್ಯಾಪಾರಕ್ಕೆ ತಾಳೆಯಾಗುವುದು ಅದೊಂದೇ: 1,600ನ್ನು 11ರಿಂದ ಗುಣಿಸಿದರೆ 17,600 ಬರುತ್ತದೆ, 420ನ್ನು ಗುಣಿಸಿದರೆ 4,620. ಮುಂದಿನ ತಿಂಗಳ ಹಣದ ಅಂದಾಜಿಗೆ ಸರಾಸರಿಯೇ ಬೇಕು. ಆದರೆ ಮನೆ ಗಿರಾಕಿ, ಸಗಟು ಗಿರಾಕಿ ಎಂದು ಪಟ್ಟಿ ಸೀಳಿ, ಎರಡಕ್ಕೂ ಪ್ರತ್ಯೇಕ ತೆಗೆಯಬೇಕು. ಜಾಹೀರಾತಿಗೆ ಆರ್ಡರೊಂದಕ್ಕೆ ಎಷ್ಟು ಸುರಿಯಬಹುದೆಂದು ನೋಡುವಾಗಲೂ ಅಷ್ಟೇ. ಆ ಜಾಹೀರಾತು ತರುವುದು ಮನೆ ಗಿರಾಕಿಗಳನ್ನಾದರೆ 520ರ ಮೇಲೆ ಲೆಕ್ಕ ಹಾಕಿ, 1,600ರ ಮೇಲಲ್ಲ.

ಮಧ್ಯಾಂಕಕ್ಕೂ ಒಂದು ಕುರುಡು ಇದೆ. ಹೊಸ ಕಾಂಬೋ ನೋಡಿ 700ರ ಗಿರಾಕಿ 1,100ಕ್ಕೆ ಏರಿದರೂ ಅದು 420ರಲ್ಲೇ ಕೂತಿರುತ್ತದೆ, ಏಕೆಂದರೆ ಬದಲಾವಣೆ ನಡೆದದ್ದು ಸಾಲಿನ ಮೇಲಿನ ಅರ್ಧದಲ್ಲಿ. ಅಂಥ ಕಡೆ ಮೇಲ್ತುದಿಯ ಸಂಖ್ಯೆಯನ್ನೂ, ಅಂದರೆ ಮುಕ್ಕಾಲು ಪಾಲು ಆರ್ಡರುಗಳು ಯಾವ ಮೊತ್ತದ ಕೆಳಗಿವೆಯೋ ಅದನ್ನೂ, ಪಕ್ಕದಲ್ಲಿಡಿ. ಮೊತ್ತಗಳು B ಕಾಲಮ್ಮಿನಲ್ಲಿದ್ದರೆ:

```
=AVERAGE(B2:B12)
=MEDIAN(B2:B12)
=PERCENTILE(B2:B12,0.75)
=AVERAGEIF(B2:B12,"<5000")
```

ಈ ಪಟ್ಟಿಯಲ್ಲಿ ಕ್ರಮವಾಗಿ 1600, 420, 670, 520 ಬರಬೇಕು. ಮೊದಲೆರಡರ ನಡುವೆ ಇಷ್ಟು ಅಂತರ ಕಂಡಾಗ ಪಟ್ಟಿಯ ಕೊನೆಯ ಸಾಲುಗಳನ್ನು ಕಣ್ಣಾರೆ ನೋಡಿ: ಸಗಟು ಆರ್ಡರ್ ಇರಬಹುದು, ಒಂದು ಸೊನ್ನೆ ಹೆಚ್ಚಾಗಿ ಬಿದ್ದಿರಬಹುದು.

ಲೆಕ್ಕ ಕೆಡುವುದು ಬಹುಮಟ್ಟಿಗೆ ಪಟ್ಟಿ ಇಳಿಸಿಕೊಳ್ಳುವಾಗಲೇ. Shopify ಕೊಡುವ CSVಯಲ್ಲಿ ಮೂರು ಬಗೆಯ ಮಾಲಿರುವ ಆರ್ಡರ್ ಮೂರು ಸಾಲಾಗಿ ಬರುತ್ತದೆ, Total ಮೊದಲ ಸಾಲಿನಲ್ಲಿ ಮಾತ್ರ ಇರುತ್ತದೆ. ಖಾಲಿ ಕೋಶವನ್ನು ಎರಡೂ ಸೂತ್ರಗಳು ಬಿಟ್ಟುಬಿಡುತ್ತವೆ, ಹಾಗಾಗಿ ಅದು ಖಾಲಿಯಾಗಿಯೇ ಇರಲಿ. ಯಾರಾದರೂ ಅಚ್ಚುಕಟ್ಟಿಗೆಂದು ಅಲ್ಲಿ 0 ತುಂಬಿದರೆ ಮಧ್ಯಾಂಕ ಪಾತಾಳಕ್ಕಿಳಿಯುತ್ತದೆ. ರದ್ದಾದ ಆರ್ಡರ್, ಒಡೆದ ಮಾಲಿಗೆ ಬದಲಿ ಕಳಿಸಿದ ಸೊನ್ನೆ ರೂಪಾಯಿಯ ಆರ್ಡರ್ ಮೊದಲೇ ತೆಗೆಯಿರಿ. ಇನ್ನು, ದಿನದಿನದ ಮಧ್ಯಾಂಕಗಳನ್ನು ಕೂಡಿಸಿ 30ರಿಂದ ಭಾಗಿಸಿದರೆ ತಿಂಗಳ ಮಧ್ಯಾಂಕ ಬರುವುದಿಲ್ಲ. ತಿಂಗಳ ಅಷ್ಟೂ ಆರ್ಡರುಗಳನ್ನು ಒಂದೇ ಕಾಲಮ್ಮಿಗೆ ಹಾಕಿಯೇ ತೆಗೆಯಬೇಕು.