ಡಬ್ಬಿ ಮೇಲೆ ‘ಸಕ್ಕರೆ ಸೇರಿಸಿಲ್ಲ’, ಮಾವನ ರಿಪೋರ್ಟಿನಲ್ಲಿ 8.3

ಮನೆಯಲ್ಲಿ ಶುಗರ್ ಇರುವ ಹಿರಿಯರಿಗೆ ಪ್ರೋಟೀನ್ ಪುಡಿ ತಂದುಕೊಡುತ್ತಿದ್ದರೆ ಇದನ್ನು ಓದಿ. ಮೂರು ತಿಂಗಳು ನಾನೇ ನನ್ನ ಕೈಯಾರೆ ಕಲಸಿ ಕೊಟ್ಟಿದ್ದೇನೆ.

ನಮ್ಮ ಮಾವ ರಿಟೈರ್ ಆದ ಮಾಸ್ತರು, ವಯಸ್ಸು 71. ಹನ್ನೆರಡು ವರ್ಷದಿಂದ ಶುಗರ್ ಇದೆ, ಆದರೆ ಹಿಡಿತದಲ್ಲಿತ್ತು. ಹೋದ ವರ್ಷ ಜ್ವರ ಬಂದು ಎದ್ದ ಮೇಲೆ ತುಂಬಾ ಸೊರಗಿದರು. ರೊಟ್ಟಿ ಅಗಿಯಲು ಆಗುವುದಿಲ್ಲ ಎಂದು ಅರ್ಧಕ್ಕೇ ಏಳುತ್ತಿದ್ದರು. ನಾನು ಇಲ್ಲೇ ಬಾಗಲಕೋಟೆ ನವನಗರದ ಒಂದು ಮೆಡಿಕಲ್ ಅಂಗಡಿಗೆ ಹೋಗಿ, ಶುಗರ್ ಇದ್ದವರಿಗೆ ಶಕ್ತಿ ಬರುವಂಥದ್ದು ಏನಾದರೂ ಇದೆಯಾ ಎಂದು ಕೇಳಿದೆ. ಅಂಗಡಿಯವರು ಒಂದು ಕೆಜಿ ಡಬ್ಬಿ ತೆಗೆದಿಟ್ಟರು. ಮುಂದೆ ದಪ್ಪಗೆ ಮೂರು ಸಾಲು: ‘ಹೈ ಪ್ರೋಟೀನ್’, ‘ಸಕ್ಕರೆ ಸೇರಿಸಿಲ್ಲ’, ‘ಒಂದು ಲೋಟಕ್ಕೆ 12 ಗ್ರಾಂ ಪ್ರೋಟೀನ್’. ಇನ್ನೇನು ಬೇಕು? ದುಡ್ಡು ಕೊಟ್ಟು ತಂದೆ.

ಮಾವನಿಗೆ ರುಚಿ ಹಿಡಿಸಿತು. “ಯವ್ವಾ, ಇದು ಚೊಲೋ ಐತಿ, ಮುಂಜಾನಿ-ಸಂಜಿಕ ಎರಡೂ ಹೊತ್ತು ಕೊಡು” ಅಂದರು. ಕೊಟ್ಟೆ. ಮುಖದಲ್ಲಿ ಸ್ವಲ್ಪ ಕಳೆ ಬಂದಂತೆಯೂ ಅನ್ನಿಸಿತು. ಹಾಗೆ ಕಾಣಲಿ ಎಂದು ನನಗೇ ಆಸೆ ಇತ್ತೇನೋ.

ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 7.1 ಇದ್ದದ್ದು 8.3 ಆಗಿತ್ತು. ಇದು ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. ಒಂದು ದಿನ ಹೋಳಿಗೆ ತಿಂದರೆ ಇಷ್ಟು ಏರುವುದಿಲ್ಲ. ಡಾಕ್ಟರು ಕೇಳಿದರು, “ಮಾಸ್ತರ, ಹೊಸದೇನರ ಶುರು ಮಾಡೀರೇನ್ರಿ?” ಮಾವ ಇಲ್ಲ ಎಂದು ತಲೆ ಅಲ್ಲಾಡಿಸಿದರು. ನಾನೂ ಇಲ್ಲ ಅಂದೆ. ಪುಡಿ ನೆನಪಾಗಲೇ ಇಲ್ಲ ನೋಡಿ, ಅದು ನಮ್ಮ ಲೆಕ್ಕದಲ್ಲಿ ಔಷಧಿಯ ಸಾಲಿಗೆ ಸೇರಿಬಿಟ್ಟಿತ್ತು. ಬಾಗಿಲವರೆಗೆ ಬಂದು ಮತ್ತೆ ಒಳಗೆ ಹೋಗಿ ಹೇಳಿದೆ. ಡಬ್ಬಿ ತಂದು ತೋರಿಸಿ ಅಂದರು. ತೋರಿಸಿದಾಗ ಅವರು ಮುಂಭಾಗ ನೋಡಲೇ ಇಲ್ಲ. ತಿರುಗಿಸಿ, ಹಿಂದಿನ ಸಣ್ಣ ಅಕ್ಷರದಲ್ಲಿ ಮೊದಲ ಪದದ ಮೇಲೆ ಬೆರಳಿಟ್ಟರು. ಮಾಲ್ಟೋಡೆಕ್ಸ್‌ಟ್ರಿನ್.

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯಲ್ಲಿ ಬರೆಯಬೇಕು ಎಂದು ನಿಯಮವಿದೆ. ಅಂದರೆ ಮೊದಲು ಇರುವುದೇ ಡಬ್ಬಿಯಲ್ಲಿ ಎಲ್ಲಕ್ಕಿಂತ ಜಾಸ್ತಿ. ನಮ್ಮ ಡಬ್ಬಿಯಲ್ಲಿ ಮೊದಲು ಮಾಲ್ಟೋಡೆಕ್ಸ್‌ಟ್ರಿನ್, ಆಮೇಲೆ ಸೋಯಾ ಪ್ರೋಟೀನ್, ಆಮೇಲೆ ಹಾಲಿನ ಪುಡಿ, ಕೋಕೋ, ಕೊನೆಗೆ ಸಿಹಿಗೆಂದು ಸುಕ್ರಲೋಸ್. ಪ್ರೋಟೀನ್ ಪುಡಿ ಎಂದು ನಾನು ತಂದದ್ದರಲ್ಲಿ ಪ್ರೋಟೀನ್ ಎರಡನೇ ಸ್ಥಾನದಲ್ಲಿತ್ತು.

ಈ ಮಾಲ್ಟೋಡೆಕ್ಸ್‌ಟ್ರಿನ್ ಏನು? ಮೆಕ್ಕೆಜೋಳದಂಥ ಧಾನ್ಯದ ಪಿಷ್ಟವನ್ನು ತುಂಡು ತುಂಡು ಮಾಡಿ ಒಣಗಿಸಿದ ಬಿಳಿ ಪುಡಿ. ಪಿಷ್ಟ ಅಂದರೆ ಗ್ಲುಕೋಸ್ ಮಣಿಗಳ ಉದ್ದನೆಯ ಸರ ಅಂದುಕೊಳ್ಳಿ. ಅದನ್ನು ಕತ್ತರಿಸಿ ಗಿಡ್ಡ ಸರಗಳನ್ನಾಗಿ ಮಾಡಿದರೆ ಇದು. ಲೇಬಲ್ಲಿನ ಲೆಕ್ಕದಲ್ಲಿ ಒಂದು ಮಣಿ ಅಥವಾ ಎರಡು ಮಣಿ ಇದ್ದರೆ ಮಾತ್ರ ಅದಕ್ಕೆ ‘ಸಕ್ಕರೆ’ ಎಂಬ ಹೆಸರು. ಇದರಲ್ಲಿ ಹೆಚ್ಚಿನವು ಅದಕ್ಕಿಂತ ಉದ್ದ. ಹಾಗಾಗಿ ಇದು ಸಕ್ಕರೆಯ ಸಾಲಿಗೆ ಬರುವುದಿಲ್ಲ. ಆದರೆ ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಿಲ್ಲ. ಸರ ಗಿಡ್ಡ ಇರುವುದರಿಂದ ಬೇಗ ಬಿಚ್ಚಿಕೊಂಡು, ಹೆಚ್ಚುಕಡಿಮೆ ಗ್ಲುಕೋಸ್ ಕುಡಿದಷ್ಟೇ ವೇಗವಾಗಿ ರಕ್ತಕ್ಕೆ ಸೇರುತ್ತದೆ. ರುಚಿಗೆ ಸಿಹಿ ಅಲ್ಲ, ಅದಕ್ಕೇ ಸುಕ್ರಲೋಸ್ ಬೇರೆ ಹಾಕಿರುತ್ತಾರೆ. ಸಿಹಿ ಒಂದರಿಂದ, ಶುಗರ್ ಏರುವುದು ಇನ್ನೊಂದರಿಂದ.

ಈಗ ಡಬ್ಬಿ ಹಿಂದಿನ ಪೋಷಕಾಂಶಗಳ ಕೋಷ್ಟಕಕ್ಕೆ ಬನ್ನಿ. 100 ಗ್ರಾಂ ಪುಡಿಗೆ ಪ್ರೋಟೀನ್ 20 ಗ್ರಾಂ, ಕಾರ್ಬೋಹೈಡ್ರೇಟ್ 64 ಗ್ರಾಂ. ಅದರ ಕೆಳಗೆ ಸ್ವಲ್ಪ ಒಳಗೆ ಸರಿಸಿ ‘ಒಟ್ಟು ಸಕ್ಕರೆ 6 ಗ್ರಾಂ’, ‘ಸೇರಿಸಿದ ಸಕ್ಕರೆ 0’. ಆ 6 ಗ್ರಾಂ ಹಾಲಿನ ಪುಡಿಯಲ್ಲಿರುವ ಲ್ಯಾಕ್ಟೋಸ್. ನಾನು ಅಂಗಡಿಯಲ್ಲಿ ಹಿಂಭಾಗ ನೋಡಿರಲಿಲ್ಲ ಅಂತಲ್ಲ. ನೋಡಿದ್ದೆ, ಆದರೆ ಆ ಸೊನ್ನೆ ನೋಡಿ ಸಮಾಧಾನ ಮಾಡಿಕೊಂಡಿದ್ದೆ. ಅದರ ಮೇಲಿನ ಸಾಲು ನೋಡಬೇಕಿತ್ತು. 64ರಲ್ಲಿ 6 ಕಳೆದರೆ 58. ನಾರಿನಂಶ ಬೇರೆ ಹೇಳುವಷ್ಟು ಇರಲಿಲ್ಲ. ಹಾಗಾದರೆ ಆ 58 ಗ್ರಾಂ ಎಲ್ಲಿಂದ ಬಂತು? ಪದಾರ್ಥಗಳ ಮೊದಲ ಹೆಸರೇ ಉತ್ತರ.

ಇನ್ನು ಆ ‘ಲೋಟಕ್ಕೆ 12 ಗ್ರಾಂ’. ಅದರ ಪಕ್ಕ ಒಂದು ನಕ್ಷತ್ರದ ಗುರುತು ಇತ್ತು. ಡಬ್ಬಿಯನ್ನು ಕಿಟಕಿ ಹತ್ತಿರ ಒಯ್ದು ಹುಡುಕಿದರೆ, ತಳದಲ್ಲಿ ‘30 ಗ್ರಾಂ ಪುಡಿಯನ್ನು 200 ಮಿಲಿ ಹಾಲಿನಲ್ಲಿ ಕಲಸಿದಾಗ’ ಎಂದಿತ್ತು. 30 ಗ್ರಾಂ ಪುಡಿಯಲ್ಲಿ ಪ್ರೋಟೀನ್ 6 ಗ್ರಾಂ. ಉಳಿದ 6 ಗ್ರಾಂ ನಮ್ಮ ಹಾಲಿನದೇ! ಓಣಿಯ ಗೌಳಿಗರಿಂದ ನಾವು ತಂದ ಹಾಲಿನ ಪ್ರೋಟೀನನ್ನು ಕಂಪನಿಯವರು ಡಬ್ಬಿ ಮೇಲೆ ಬರೆದುಕೊಂಡಿದ್ದರು.

ಸರ್ವಿಂಗ್ ಸೈಜ್ ಎಷ್ಟು ಎಂದು ಕಂಪನಿಯೇ ಬರೆಯುತ್ತದೆ. ಮನೆಯಲ್ಲಿ ಬೀಳುವುದು ಎಷ್ಟು ಎಂದು ಮಾತ್ರ ನಾವೇ ನೋಡಬೇಕು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಸ್ಕೂಪ್ ಇತ್ತಂತೆ, ಪುಡಿಯ ತಳದಲ್ಲಿ ಹೂತುಹೋಗಿತ್ತು. ನಾವು ಬಳಸಿದ್ದು ಅಡುಗೆಮನೆಯ ದೊಡ್ಡ ಸ್ಟೀಲ್ ಚಮಚ. ಮಗಳ ಕೇಕಿಗೆಂದು ತಂದ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿದೆ. ಸ್ಕೂಪಿನಲ್ಲಿ ಸಮ ಮಾಡಿ ಎರಡು ಹಾಕಿದರೆ 30 ಗ್ರಾಂ. ನಾನು ದಿನಾ ಹಾಕುತ್ತಿದ್ದ ಹಾಗೆ ಗೋಪುರ ಬರುವಂತೆ ಎರಡು ಚಮಚ ಹಾಕಿದರೆ 40. ಎರಡು ಹೊತ್ತಿಗೆ 80. ಸುಳಿವು ಮೊದಲೇ ಇತ್ತು. ಡಬ್ಬಿ ಮೇಲೆ 33 ಸರ್ವಿಂಗ್ ಎಂದು ಬರೆದಿತ್ತು. ದಿನಕ್ಕೆ ಎರಡರಂತೆ ಹದಿನಾರು ದಿನ ಬರಬೇಕು. ನಮ್ಮಲ್ಲಿ ಹನ್ನೆರಡು ದಿನಕ್ಕೆ ಖಾಲಿ ಆಗುತ್ತಿತ್ತು. ನಾನು ಪುಡಿ ತುಟ್ಟಿ ಆಯ್ತು ಎಂದಷ್ಟೇ ಗೊಣಗಿದ್ದೆ.

80 ಗ್ರಾಂ ಪುಡಿ ಎಂದರೆ ದಿನಕ್ಕೆ 16 ಗ್ರಾಂ ಪ್ರೋಟೀನ್, ಜೊತೆಗೆ 51 ಗ್ರಾಂ ಕಾರ್ಬೋಹೈಡ್ರೇಟ್. ಹೆಚ್ಚುಕಡಿಮೆ ಒಂದೂವರೆ ಜೋಳದ ರೊಟ್ಟಿಯಲ್ಲಿ ಇರುವಷ್ಟು. ಆದರೆ ರೊಟ್ಟಿಯಲ್ಲಿ ನಾರು ಇದೆ, ಪಲ್ಯದ ಜೊತೆ ನಿಧಾನಕ್ಕೆ ಕರಗುತ್ತದೆ. ಇದು ಖಾಲಿ ಹೊಟ್ಟೆಗೆ ಗುಟುಕರಿಸಿ ಕುಡಿಯುವಂಥದ್ದು, ಅದೂ ದಿನದ ಊಟ ಅಲ್ಲದೆ ಹೆಚ್ಚುವರಿ.

ಮಾವ ಮಾಸ್ತರಲ್ವಾ, ಸುಮ್ನೆ ನಂಬುವವರಲ್ಲ. ಡಾಕ್ಟರನ್ನು ಕೇಳಿ ಮನೆಯ ಗ್ಲುಕೋಮೀಟರಿನಲ್ಲೇ ಪರೀಕ್ಷೆ ಮಾಡಿದೆವು. ಒಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 156 ಇತ್ತು. ಹಾಲಿನಲ್ಲಿ ಪುಡಿ ಕಲಸಿ ಕುಡಿದು ಒಂದು ಗಂಟೆಗೆ ನೋಡಿದರೆ 243. ಮರುದಿನ ಅದೇ ಲೋಟ, ಅದೇ ಹಾಲು, ಪುಡಿ ಇಲ್ಲ. 152 ಇದ್ದದ್ದು 178 ಆಯಿತು. ಒಂದೊಂದೇ ಸಲದ ಪರೀಕ್ಷೆ, ಮೀಟರಿನಲ್ಲೂ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತದೆ, ಒಪ್ಪುತ್ತೇನೆ. ಆದರೆ ಇಷ್ಟು ಅಂತರ ಮೀಟರಿನ ತಪ್ಪಲ್ಲ. ಮಾವ ಎರಡೂ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದು, ಡಬ್ಬಿಯನ್ನು ತಾವೇ ಒಯ್ದು ಅಟ್ಟದ ಮೇಲೆ ಇಟ್ಟರು.

ಅಂಗಡಿಗೆ ಹೋಗಿ ಜಗಳ ಆಡಬೇಕು ಅನ್ನಿಸಿತು. ಹೋದೆ ಕೂಡ. ಆದರೆ ಏನಂತ ಆಡಲಿ? ಡಬ್ಬಿ ಮೇಲೆ ಒಂದೂ ಸುಳ್ಳಿಲ್ಲ. ಸಕ್ಕರೆ ನಿಜವಾಗಿಯೂ ಸೇರಿಸಿಲ್ಲ. ಲೋಟದಲ್ಲಿ 12 ಗ್ರಾಂ ನಿಜವಾಗಿಯೂ ಇದೆ. ‘ಹೈ ಪ್ರೋಟೀನ್’ ಕೂಡ ನಿಯಮದ ಪ್ರಕಾರವೇ ಇದೆ. ಆರೋಗ್ಯಪೇಯ ಎಂಬ ಹೆಸರಿಗೆ ನಮ್ಮ ಆಹಾರ ಕಾಯ್ದೆಯಲ್ಲಿ ಅರ್ಥವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಗುಂಪಿನಿಂದ ತೆಗೆಯಿರಿ ಎಂದು ಹೇಳಿದ್ದು ಇದೇ ಕಾರಣಕ್ಕೆ. ಒಡೆಯದೆ ಉಳಿದಿದ್ದ ಇನ್ನೊಂದು ಡಬ್ಬಿಯನ್ನೂ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

‘ಹೈ ಪ್ರೋಟೀನ್’ ಎನ್ನಲು ಎಷ್ಟು ಬೇಕು ಎಂದು ಆಮೇಲೆ ತಿಳಿದುಕೊಂಡೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ, ಗಟ್ಟಿ ಆಹಾರದ 100 ಗ್ರಾಂನಲ್ಲಿ ದಿನದ ಅಗತ್ಯದ ಶೇ. 20 ಇದ್ದರೆ ಸಾಕು. ದಿನಕ್ಕೆ 54 ಗ್ರಾಂ ಎಂದು ಹಿಡಿದರೆ ಸುಮಾರು 11 ಗ್ರಾಂ. ನಮ್ಮ ಮನೆಯ ಗೋಧಿ ಹಿಟ್ಟಿನಲ್ಲೇ 100 ಗ್ರಾಂಗೆ ಸುಮಾರು ಹತ್ತೂವರೆ ಗ್ರಾಂ ಇರುತ್ತದೆ. ಜೋಳದ ಹಿಟ್ಟಿನಲ್ಲಿ ಹತ್ತು. ಇನ್ನೊಂದು ಚಿಟಿಕೆ ಇದ್ದಿದ್ದರೆ ನಮ್ಮ ಗಿರಣಿಯವನೂ ಚೀಲದ ಮೇಲೆ ‘ಹೈ ಪ್ರೋಟೀನ್’ ಎಂದು ಬರೆಸಬಹುದಿತ್ತು.

ಅದೇ ಕಣ್ಣಿನಲ್ಲಿ ಮಗಳ ‘ಹೈ ಪ್ರೋಟೀನ್’ ಬಿಸ್ಕಿಟ್ ಪೊಟ್ಟಣವನ್ನೂ ತಿರುಗಿಸಿದೆ. 100 ಗ್ರಾಂಗೆ ಪ್ರೋಟೀನ್ 11, ಸೇರಿಸಿದ ಸಕ್ಕರೆ 24. ಪಟ್ಟಿಯಲ್ಲಿ ಮೊದಲು ಗೋಧಿ ಹಿಟ್ಟು ಇದ್ದದ್ದರಿಂದ ನೋಡಲು ಚಂದ. ಆದರೆ ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲುಕೋಸ್ ಎಂದು ಮೂರು ಹೆಸರಲ್ಲಿ ಸಿಹಿ ಹಂಚಿಕೊಂಡಿತ್ತು. ಒಂದೇ ಹೆಸರಲ್ಲಿ ಬರೆದಿದ್ದರೆ ಮೇಲಕ್ಕೆ ಬಂದು ಕೂರುತ್ತಿತ್ತು. ಸರ್ವಿಂಗ್ 20 ಗ್ರಾಂ, ಅಂದರೆ ಮೂರು ಬಿಸ್ಕಿಟ್, ಸಕ್ಕರೆ ದಿನದ ಮಿತಿಯ ಶೇ. 10 ಎಂದು ಬರೆದಿತ್ತು. ಆ ಮಿತಿ 50 ಗ್ರಾಂ. ಮಗಳು ಚಹಾದ ಜೊತೆ 100 ಗ್ರಾಂ ಪೊಟ್ಟಣ ಮುಗಿಸುತ್ತಾಳೆ. ಶೇ. 10 ಅಲ್ಲ, ಶೇ. 48. ಆಕೆಗೆ ಇದನ್ನು ತೋರಿಸಿದೆ. “ಅವ್ವಾ, ಬಿಸ್ಕಿಟ್ ಅಂದ್ರ ಬಿಸ್ಕಿಟ್” ಅಂದಳು. ಅದೂ ಸರಿಯೇ. ಬಿಸ್ಕಿಟ್ ಎಂದೇ ತಿಳಿದು ತಿಂದರೆ ನನ್ನ ತಕರಾರಿಲ್ಲ.

ಈಗ ನಾನು ಅಂಗಡಿಯಲ್ಲಿ ಮುಂಭಾಗ ಓದುವುದಿಲ್ಲ. ಪಟ್ಟಿಯ ಮೊದಲ ಮೂರು ಹೆಸರು, ‘100 ಗ್ರಾಂಗೆ’ ಎನ್ನುವ ಕಾಲಮ್ಮು, ಅದರಲ್ಲಿ ಕಾರ್ಬೋಹೈಡ್ರೇಟ್ ಸಾಲು. ಅಷ್ಟು ನೋಡಲು ಒಂದು ನಿಮಿಷ ಸಾಕು. ಪುಡಿಯೇ ಬೇಕೆಂದರೆ ಪ್ರೋಟೀನ್ ಅಂಕಿ ಕಾರ್ಬೋಹೈಡ್ರೇಟ್ ಅಂಕಿಗಿಂತ ಕೆಳಗಿದ್ದರೆ ವಾಪಸ್ ಇಡುತ್ತೇನೆ. ಶುಗರ್ ಇದ್ದವರಿಗೆ ಕಿಡ್ನಿ ಪರೀಕ್ಷೆ ನೋಡದೆ ಪ್ರೋಟೀನ್ ಹೆಚ್ಚಿಸಬೇಡಿ ಎಂದು ಡಾಕ್ಟರು ಬೇರೆ ಹೇಳಿದ್ದಾರೆ. ಮಾವನದು ಸರಿ ಇತ್ತು, ಹಾಗಾಗಿ ಮೆತ್ತಗೆ ಬೇಯಿಸಿದ ಹೆಸರುಕಾಳು, ಝುಣಕ, ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ ಕೊಡುತ್ತಿದ್ದೇನೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ.

ಮುಂದಿನ ಮೂರು ತಿಂಗಳಿಗೆ ಎಚ್‌ಬಿಎ1ಸಿ 7.4ಕ್ಕೆ ಇಳಿಯಿತು. ಅದೆಲ್ಲ ಪುಡಿ ಬಿಟ್ಟಿದ್ದರಿಂದಲೇ ಎಂದು ಹೇಳಲಾರೆ, ನಡುವೆ ಡಾಕ್ಟರು ಒಂದು ಮಾತ್ರೆಯನ್ನೂ ಹೆಚ್ಚಿಸಿದ್ದರು. ಆ ಒಡೆಯದ ಡಬ್ಬಿ ಈಗಲೂ ಅಟ್ಟದ ಮೇಲೇ ಇದೆ. ಯಾರಾದರೂ ಪ್ರೋಟೀನ್ ಪುಡಿ ವಿಚಾರ ತೆಗೆದರೆ ಮಾವ ಅದನ್ನು ಇಳಿಸಿ ತಂದು, ಭೂತಗನ್ನಡಿ ಕೊಟ್ಟು, “ಹಿಂದ ಓದ್ರಿ” ಅನ್ನುತ್ತಾರೆ.