ಹಾಲೋಕೋರ್ ತಾರಸಿ, ರಿಬ್ಡ್ ತಾರಸಿ: ಎರಡರ ಕೆಳಗೂ ಇದ್ದು ನೋಡಿದ ಮೇಲೆ

ಅಕ್ಕಪಕ್ಕದ ಎರಡು ಕೋಣೆಗಳಿಗೆ ಕಾರ್ಖಾನೆಯಲ್ಲೇ ಎರಕ ಹೊಯ್ದು ತರುವ ಪ್ರೀಕಾಸ್ಟ್ ಸ್ಲ್ಯಾಬ್, ಎರಡು ಬಗೆಯದು, ಹಾಕಿಸಿದ್ದೆ. ಒಂದಕ್ಕೆ 150 ಮಿ.ಮೀ. ದಪ್ಪದ ಹಾಲೋಕೋರ್, ಅಂದರೆ ಉದ್ದಕ್ಕೂ ಕೊಳವೆಯಂಥ ಪೊಳ್ಳು ಇರುವುದು. ಇನ್ನೊಂದಕ್ಕೆ ರಿಬ್ಡ್, ಮೇಲೆ 50 ಮಿ.ಮೀ.ನ ತೆಳು ಹಲಗೆ, ಅದರಡಿ ತೊಲೆಯಂಥ ರಿಬ್‌ಗಳು. ಎರಡರ ಸ್ಪ್ಯಾನೂ, ಅಂದರೆ ಆಧಾರದ ಗೋಡೆಗಳ ನಡುವಿನ ಅಂತರ, 5 ಮೀಟರ್. ಮೊದಲ ವರ್ಷ ಎರಡರ ಮೇಲೂ ಸ್ಕ್ರೀಡ್ ಎಂಬ ಗಾರೆಯ ಪದರ ಮತ್ತು ವಾಟರ್‌ಪ್ರೂಫ್ ಕೋಟಿಂಗ್ ಮಾತ್ರ ಇತ್ತು, ಇನ್ಸುಲೇಷನ್ ಇರಲಿಲ್ಲ.

ಬೇಸಿಗೆಯಲ್ಲಿ ವ್ಯತ್ಯಾಸ ಕೈಗೇ ತಿಳಿಯುತ್ತಿತ್ತು. ಮಧ್ಯಾಹ್ನ ಎರಡೂವರೆಗೆ ಸ್ಟೂಲ್ ಹತ್ತಿ ರಿಬ್ಡ್ ಸ್ಲ್ಯಾಬಿನ ಹಲಗೆಗೆ ಕೆಳಗಿನಿಂದ ಅಂಗೈ ಇಟ್ಟರೆ ಸುಡುತ್ತಿತ್ತು, ಪಕ್ಕದ ರಿಬ್ಬಿನ ತುದಿ ಮಾತ್ರ ತಣ್ಣಗಿರುತ್ತಿತ್ತು. 50 ಮಿ.ಮೀ. ಕಾಂಕ್ರೀಟ್ ದಾಟಲು ಬಿಸಿಲಿಗೆ ಹೆಚ್ಚು ಹೊತ್ತು ಬೇಡ. ಆದರೆ ಸೂರ್ಯ ಮುಳುಗಿದ ಮೇಲೆ ಅದು ಅಷ್ಟೇ ಬೇಗ ಆರುತ್ತಿತ್ತು. ಹಾಲೋಕೋರ್ ಇದಕ್ಕೆ ತದ್ವಿರುದ್ಧ. ಮಧ್ಯಾಹ್ನ ಹಿತವಾಗಿದ್ದು, ಸಂಜೆ ಏಳರ ನಂತರ ತಲೆಯ ಮೇಲೆ ಬಿಸಿ ಉಗುಳುತ್ತಿತ್ತು. ಪೊಳ್ಳಿನೊಳಗಿನ ಗಾಳಿಯೇ ಇನ್ಸುಲೇಷನ್ ಎಂದು ನಂಬಿದ್ದೆ; ಅದು ಸ್ವಲ್ಪ ತಡೆಯುತ್ತದೆ ನಿಜ, ಆದರೆ ಪೊಳ್ಳುಗಳ ನಡುವಿನ ಕಾಂಕ್ರೀಟ್ ಗೋಡೆಗಳ ಮೂಲಕ ಶಾಖ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಹಗಲಲ್ಲಿ ಬಳಸುವ ಕೋಣೆಗೆ ಹಾಲೋಕೋರ್ ವಾಸಿ, ರಾತ್ರಿ ಮಲಗುವ ಕೋಣೆಗೆ ಬರಿ ಹಾಲೋಕೋರ್ ಹಿಂಸೆ.

ಮಳೆ ಬಂದಾಗ ಎರಡೂ ಸೋರಿದವು, ಆದರೆ ಬೇರೆ ಬೇರೆ ಜಾಗದಲ್ಲಿ. ರಿಬ್ಡ್‌ನಲ್ಲಿ ಸೋರಿದ್ದು ಎರಡು ಪ್ಯಾನೆಲ್‌ಗಳ ಉದ್ದನೆಯ ಸಂದಿನಲ್ಲಿ. ಅಲ್ಲಿ ಸಂದು ತುಂಬುವ ಗಾರೆ, ಅಂದರೆ ಗ್ರೌಟ್, ಹಿಡಿಯಲು ಸಿಗುವ ಆಳವೇ 50 ಮಿ.ಮೀ. ಒಬ್ಬರು ಒಂದು ಪ್ಯಾನೆಲ್ ಮೇಲೆ ನಿಂತರೆ ಅದು ಮಾತ್ರ ತುಸು ಬಾಗುತ್ತದೆ, ಪಕ್ಕದ್ದು ಬಾಗುವುದಿಲ್ಲ. ಸಂದಿನ ಗ್ರೌಟ್ ಕತ್ತರಿಸಿಹೋಗುತ್ತದೆ. ಹಾಲೋಕೋರ್‌ನ ಉದ್ದ ಸಂದು ಆಳವಾಗಿದ್ದು ಅಂಚುಗಳು ಒಂದನ್ನೊಂದು ಕಚ್ಚಿಕೊಂಡಿರುವುದರಿಂದ ನನ್ನಲ್ಲಿ ಅದು ಗಟ್ಟಿಯಾಗಿಯೇ ಉಳಿಯಿತು. ಅದು ಬಿರಿದದ್ದು ನಡುಗೋಡೆಯ ಮೇಲೆ, ಈಚೆಯ ಸ್ಲ್ಯಾಬಿನ ತುದಿ ಆಚೆಯ ವರಾಂಡದ ಸ್ಲ್ಯಾಬಿನ ತುದಿಯನ್ನು ಸಂಧಿಸುವಲ್ಲಿ.

ಹಾಲೋಕೋರ್ ಅಲ್ಲೇ ಯಾಕೆ ಬಿರಿಯಿತೆಂದು ಲೆಕ್ಕ ಹಾಕಿದಾಗ, ಶಾಖ ಮತ್ತು ಸೋರಿಕೆ ಒಂದೇ ರೋಗ ಎಂದು ತಿಳಿಯಿತು. ಬಿಸಿಲಲ್ಲಿ ಸ್ಲ್ಯಾಬಿನ ಮೇಲ್ಮೈ ಹಿಗ್ಗಿ ನಡುವೆ ಉಬ್ಬುತ್ತದೆ. ಕಾದ ತಾರಸಿಯ ಮೇಲೆ ಸಂಜೆ ಮಳೆ ಸುರಿದರೆ ಮೇಲ್ಮೈ ಥಟ್ಟನೆ ತಣಿದು ಕುಗ್ಗುತ್ತದೆ, ತುದಿಗಳು ಹಿಂದಕ್ಕೆ ತಿರುಗುತ್ತವೆ. ಕಾಂಕ್ರೀಟ್ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ಮೇಲು ಕೆಳಗಿನ ತಾಪದ ಅಂತರ 15 ಡಿಗ್ರಿ ಬದಲಾದರೆ, 5 ಮೀಟರ್ ಸ್ಲ್ಯಾಬಿನ ಮೇಲ್ಮೈ 0.75 ಮಿ.ಮೀ. ಕುಗ್ಗುತ್ತದೆ, ಅದರ ಅರ್ಧ ಒಂದು ತುದಿಯಲ್ಲಿ. ಎದುರಿನ ಸ್ಲ್ಯಾಬೂ ಅಷ್ಟೇ ಉದ್ದವಿದ್ದರೆ ಸಂದು ಒಟ್ಟು 0.75 ಮಿ.ಮೀ. ಬಾಯಿ ಬಿಡುತ್ತದೆ, ಅದೂ ನೀರು ನಿಂತಿರುವ ಹೊತ್ತಿನಲ್ಲೇ. ಬಿಸಿಲಲ್ಲಿ ಹುಡುಕಿದಾಗ ಬಿರುಕು ಮುಚ್ಚಿಕೊಂಡಿರುತ್ತಿದ್ದದ್ದು ಇದಕ್ಕೇ.

ಸೋರಿಕೆಯ ಮೂಲ ಹುಡುಕುವುದರಲ್ಲಿ ಮಾತ್ರ ರಿಬ್ಡ್ ಬಹಳ ಮೇಲು. ಹನಿ ಬಿದ್ದಲ್ಲೇ ತಲೆಯೆತ್ತಿದರೆ ಸಂದು ಕಾಣುತ್ತದೆ. ಹಾಲೋಕೋರ್‌ನಲ್ಲಿ ನೀರು ಪೊಳ್ಳಿನೊಳಗೆ ಹರಿದು ಮೂರು ಮೀಟರ್ ಆಚೆ ಫ್ಯಾನ್ ಹುಕ್ಕಿನ ಪಕ್ಕ ತೊಟ್ಟಿಕ್ಕಿತು. ನಾವು ಎರಡು ಸಲ ತಪ್ಪು ಜಾಗಕ್ಕೆ ಕೋಟಿಂಗ್ ಬಳಿದೆವು. ಮಳೆ ನಿಂತು ನಾಲ್ಕು ದಿನವಾದರೂ ಹನಿ ನಿಲ್ಲದಿದ್ದರೆ ಪೊಳ್ಳಿನಲ್ಲಿ ನೀರು ನಿಂತಿರಬಹುದು. ಇಳಿಜಾರಿನ ತುದಿಯಲ್ಲಿ ಪ್ರತಿ ಪೊಳ್ಳಿನ ಸರಿ ನಡುವೆ ಕೆಳಗಿನಿಂದ 10 ಮಿ.ಮೀ. ತೂತು ಕೊರೆಸಿದಾಗ ಒಂದರಿಂದಲೇ ಅರ್ಧ ಬಕೆಟ್ ನೀರು ಬಂತು. ತೂತು ಪಕ್ಕಕ್ಕೆ ಸರಿದರೆ ಸ್ಲ್ಯಾಬಿಗೆ ಬಲ ಕೊಡುವ, ಎಳೆದು ಬಿಗಿದ ಪ್ರೀಸ್ಟ್ರೆಸ್ ತಂತಿ ತುಂಡಾಗಬಹುದು, ಆದ್ದರಿಂದ ತಯಾರಕರ ಡ್ರಾಯಿಂಗ್ ನೋಡಿ, ಗುರುತು ಹಾಕಿಯೇ ಕೊರೆಯಬೇಕು.

ದುರಸ್ತಿ ಎರಡಕ್ಕೂ ಒಂದೇ ಮಾಡಿಸಿದೆ. ಹಿಂದೆ ಕೋಟಿಂಗ್ ಸಂದಿನ ಮೇಲೆ ಪೂರ್ತಿ ಅಂಟಿಕೊಂಡಿತ್ತು, 0.75 ಮಿ.ಮೀ. ಸರಿದಾಟವೆಲ್ಲ ಕೂದಲೆಳೆಯಂಥ ಬಿರುಕಿನ ಮೇಲೇ ಬಿದ್ದು ಕೋಟಿಂಗ್ ಹರಿದುಹೋಯಿತು. ಈ ಸಲ ಸಂದಿನ ಉದ್ದಕ್ಕೂ ಮೇಲಿನ ಪದರ ಅಂಟಿಕೊಳ್ಳದ 100 ಮಿ.ಮೀ. ಅಗಲದ ಟೇಪ್ ಹಾಸಿ, ಅದರ ಮೇಲೆ ನೀರು ತಡೆಯುವ ಮೆಂಬ್ರೇನ್ ಎಳೆದೆವು. ಈಗ ಅದೇ ಸರಿದಾಟ ಟೇಪಿನ 100 ಮಿ.ಮೀ. ಅಗಲಕ್ಕೆ ಹಂಚಿಹೋಗುತ್ತದೆ, ಅಂದರೆ ಶೇಕಡಾ 0.75 ಹಿಗ್ಗು ಮಾತ್ರ. 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆ, ಮೆಂಬ್ರೇನ್ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ ಎಂಬ ಶಾಖ ತಡೆಯುವ ಗಟ್ಟಿ ಫೋಮ್ ಹಲಗೆ, ಅದರ ಮೇಲೆ ಗಾರೆಯಿಲ್ಲದೆ ಬಿಲ್ಲೆಗಳು. ಇನ್ಸುಲೇಷನ್ ಮೇಲಿದ್ದುದರಿಂದ ಸ್ಲ್ಯಾಬ್ ಕಾಯುವುದೂ, ಸಂದು ಬಾಯಿ ಬಿಡುವುದೂ ಒಟ್ಟಿಗೇ ತಗ್ಗಿತು.

ಇನ್ಸುಲೇಷನ್‌ಗೆ ಅವಕಾಶವಿದ್ದರೆ ನಾನು ಹಾಲೋಕೋರನ್ನೇ ಆರಿಸುತ್ತೇನೆ, ತೂತುಗಳನ್ನು ಕಾರ್ಖಾನೆಯಲ್ಲೇ ಬಿಡಿಸಿಕೊಂಡು. ಇನ್ಸುಲೇಷನ್ ಇಲ್ಲದ, ರಾತ್ರಿ ಮಲಗುವ ಕೋಣೆಯಾದರೆ ರಿಬ್ಡ್. ಆದರೆ ಪ್ಯಾನೆಲ್ ಅಂಚುಗಳಲ್ಲಿ ಎರಕದಲ್ಲೇ ಹೂತ ಉಕ್ಕಿನ ಪಟ್ಟಿಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಸಿದ ಮೇಲೆಯೇ ಸಂದಿಗೆ ಗ್ರೌಟ್.