ಬಾಕಿ ಬಿಲ್ಲಿಗೆ ನಾಲ್ಕು ಸಂದೇಶವೋ, ಎರಡೋ?

ಗಡುವು ಮೀರಿದ 3, 10, 20 ಮತ್ತು 30ನೆಯ ದಿನಗಳಲ್ಲಿ ಹಂತಹಂತವಾಗಿ ಬಿಗಿಯಾಗುವ ನಾಲ್ಕು ಸಂದೇಶಗಳ ಸರಣಿಯು, ಸಾಮಾನ್ಯವಾಗಿ ಸಮಯಕ್ಕೆ ಪಾವತಿಸುತ್ತ ಬಂದು ಈ ಬಾರಿ ಮಾತ್ರ ತಡಮಾಡಿರುವ ಹಳೆಯ ಗ್ರಾಹಕರಿಗೆ ಹೊಂದುತ್ತದೆ. ಬಿಲ್ಲು ಅವರ ಲೆಕ್ಕಪತ್ರ ವಿಭಾಗದಲ್ಲೇ ಸಿಲುಕಿರಬಹುದಾದ್ದರಿಂದ, ಮೊದಲ ಸಂದೇಶವು ಬಿಲ್ಲಿನ ಪ್ರತಿಯೊಂದಿಗೆ ಬರುವ ವಿಚಾರಣೆಯಂತಿದ್ದರೆ ಸಾಕು. ಆದರೆ ಹಣಕ್ಕಾಗಿ ತಿಂಗಳು ಕಾಯುವ ಶಕ್ತಿ ನಿಮಗಿರಬೇಕು.

ಹೊಸಬರಿಗೂ ಪದೇಪದೇ ತಡಮಾಡುವವರಿಗೂ 5 ಮತ್ತು 12ನೆಯ ದಿನಗಳ ಎರಡೇ ಸಂದೇಶಗಳು ಲೇಸು. ಎರಡನೆಯದು ದಿನಾಂಕವನ್ನೂ ಪರಿಣಾಮವನ್ನೂ ಹೇಳಬೇಕು: “ಬಿಲ್ಲು ಸಂಖ್ಯೆ 214ರ ಮೊತ್ತವು 12 ದಿನಗಳಿಂದ ಬಾಕಿಯಿದೆ. ದಯವಿಟ್ಟು 18ನೆಯ ತಾರೀಖಿನೊಳಗೆ ಪಾವತಿಸಿ. ಇಲ್ಲವಾದಲ್ಲಿ ಮುಂದಿನ ಕೆಲಸವನ್ನು ತಡೆಹಿಡಿಯಬೇಕಾಗುತ್ತದೆ.” ಕೆಲಸ ಆಗಲೇ ಮುಗಿದಿದ್ದರೆ ಈ ಎಚ್ಚರಿಕೆಗೆ ಬಲವಿರುವುದಿಲ್ಲ, ಆಗ ಒಪ್ಪಂದದಲ್ಲಿ ಬರೆದಿದ್ದರೆ ವಿಳಂಬ ಶುಲ್ಕವನ್ನು ಉಲ್ಲೇಖಿಸಬಹುದು. ಗ್ರಾಹಕರು ಬಿಲ್ಲಿನ ಬಗ್ಗೆಯೇ ತಕರಾರು ಎತ್ತಿದ್ದಲ್ಲಿ, ಯಾವ ಸರಣಿಯಾದರೂ ಅಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಬಗೆಹರಿಸಿಕೊಳ್ಳಬೇಕು.